ಬೆಲೆ ಕದಲದಿದ್ದರೂ ನಾಣ್ಯ ಮಾರಿದರೆ ನಷ್ಟವೇಕೆ?

ಕೇಳಿದವರು: ಅಕ್ಷಯ ತೃತೀಯದ ದಿನ ಬ್ಯಾಂಕಿನಿಂದ ಹತ್ತು ಗ್ರಾಂ ಚಿನ್ನದ ನಾಣ್ಯ ಕೊಂಡೆ. ಮಗಳ ಕಾಲೇಜು ಶುಲ್ಕಕ್ಕೆಂದು ಐದನೆಯ ವಾರದಲ್ಲೇ ಮಾರಲು ಹೋದರೆ, ಕೊಟ್ಟದ್ದಕ್ಕಿಂತ ಏಳೆಂಟು ಸಾವಿರ ಕಡಿಮೆ ಹೇಳುತ್ತಾರೆ. ಪತ್ರಿಕೆಯಲ್ಲಿ ಧಾರಣೆ ಅಂದಿನಷ್ಟೇ ಇದೆ. ಅಂಗಡಿಯವರು ಮೋಸ ಮಾಡುತ್ತಿದ್ದಾರೆಯೇ? ಬ್ಯಾಂಕಿಗೇ ಹಿಂದಿರುಗಿಸಬಹುದೇ? ಅನುಭವ ಇದ್ದವರು ತಿಳಿಸಿ.

ಮೈಸೂರಿನ ಗೃಹಿಣಿ: ನಾಣ್ಯದಲ್ಲಿ ನಷ್ಟ ಎಂಬುದೇ ಇಲ್ಲ. ನಮ್ಮ ಅತ್ತೆ 2009ರಲ್ಲಿ ಕೊಂಡದ್ದನ್ನು ಕಳೆದ ವರ್ಷ ಮಾರಿದರು, ಕೊಟ್ಟ ಹಣಕ್ಕೆ ನಾಲ್ಕು ಪಟ್ಟಿಗೂ ಹೆಚ್ಚು ಬಂತು. ಇಟ್ಟುಕೊಳ್ಳಿ.

ನಿವೃತ್ತ ಬ್ಯಾಂಕ್ ಅಧಿಕಾರಿ: ಅತ್ತೆಯವರಿಗೆ ಹದಿನೈದು ವರ್ಷದ ಏರಿಕೆ ನಷ್ಟವನ್ನು ನುಂಗಿಹಾಕಿತು, ಅಷ್ಟೇ. ಇವರ ಕೈಯಲ್ಲಿ ಐದು ವಾರ ಮಾತ್ರ ಇತ್ತು.

ನಾನು ಕೌಂಟರಿನಲ್ಲಿ ಕುಳಿತು ಇಂಥ ನಾಣ್ಯ ಮಾರಿದವನು. ಲೆಕ್ಕ ಸುಲಭವಾಗಲಿ ಎಂದು ಗ್ರಾಂಗೆ 6,000 ರೂಪಾಯಿ ಇಟ್ಟುಕೊಳ್ಳೋಣ. ಹತ್ತು ಗ್ರಾಂಗೆ 60,000. ಅದರ ಮೇಲೆ ಟಂಕಿಸಿದ ಖರ್ಚು, ಮೊಹರಾದ ಪ್ಯಾಕಿಂಗ್, ಸಾಗಣೆ, ವಿಮೆ ಮತ್ತು ಬ್ಯಾಂಕಿನ ಲಾಭ ಸೇರುತ್ತವೆ. ಇದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಶೇ 8 ಎಂದರೆ 64,800. ಅದಕ್ಕೆ ಶೇ 3 ಜಿಎಸ್‌ಟಿ 1,944. ನಿಮ್ಮ ಜೇಬಿನಿಂದ ಹೋದದ್ದು 66,744.

ಈಗ ಅಂಗಡಿಗೆ ಬನ್ನಿ. ಆತ ಕೊಳ್ಳುವುದು ಚಿನ್ನವನ್ನು. ಬ್ಯಾಂಕಿನ ಹೆಸರಿಗೋ ಪ್ಯಾಕಿಂಗಿಗೋ ಅವನು ದುಡ್ಡು ಕೊಡುವುದಿಲ್ಲ. ಧಾರಣೆಯಿಂದ ಶೇ 2 ಹಿಡಿದರೆ 58,800. ವ್ಯತ್ಯಾಸ 7,944. ಬ್ಯಾಂಕ್ ಧಾರಣೆಗಿಂತ ಮೇಲೆ ನಿಂತು ಮಾರಿತು, ಅಂಗಡಿ ಕೆಳಗೆ ನಿಂತು ಕೊಳ್ಳುತ್ತಿದೆ, ನಡುವಿನ ಕಂದರ ನಿಮ್ಮದು. ಅಸಲು ಹಣವಾದರೂ ಕೈಗೆ ಬರಬೇಕಾದರೆ ಧಾರಣೆ ಸುಮಾರು 6,811ಕ್ಕೆ ಏರಬೇಕು, ಅಂದರೆ ಶೇ 13.5.

ಹಿಂದಿರುಗಿಸುವ ಮಾತು ಬಿಡಿ. ನಾಣ್ಯ ಮಾರಲು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ಅನುಮತಿ ಇದೆ, ಮರಳಿ ಕೊಳ್ಳಲು ಇಲ್ಲ. ಮಾರುವಾಗ ಇದನ್ನು ನಾವಾಗಿ ಹೇಳುತ್ತಿರಲಿಲ್ಲ, ಕೇಳುವವರೂ ವಿರಳ.

ಹುಬ್ಬಳ್ಳಿಯ ವ್ಯಾಪಾರಿ: ನಿಜವಾದ ಕಳ್ಳ ಆಮದು ಸುಂಕ. ಸರ್ಕಾರ ತೆಗೆದುಕೊಂಡದ್ದು ತಿರುಗಿ ಬರುವುದಿಲ್ಲ. ಜೊತೆಗೆ ಬ್ಯಾಂಕಿನ ಚಿನ್ನ 999.9 ಶುದ್ಧ, ಹೆಚ್ಚಿನ ಬೆಲೆಯನ್ನೇ ಕೇಳಬೇಕು.

ನಿವೃತ್ತ ಬ್ಯಾಂಕ್ ಅಧಿಕಾರಿ: ತೆರಿಗೆ ತಿರುಗಿ ಬರುವುದಿಲ್ಲ ಎಂಬ ಮಾತು ಜಿಎಸ್‌ಟಿಗೆ ಸರಿ. ಸುಂಕ ಹಾಗಲ್ಲ. ಅದು ಧಾರಣೆಯ ಒಳಗೇ ಇದೆ, ಕೊಳ್ಳುವಾಗ ಕೊಟ್ಟದ್ದು ಮಾರುವಾಗ ಧಾರಣೆಯಲ್ಲೇ ಸಿಗುತ್ತದೆ. ಆದರೆ 2024ರ ಜುಲೈ ಬಜೆಟ್ಟಿನಂತೆ ಸುಂಕವನ್ನು ಶೇ 15ರಿಂದ 6ಕ್ಕೆ ಇಳಿಸಿದರೆ ಪೆಟ್ಟು ಬೀಳುತ್ತದೆ. ಆಗ ಧಾರಣೆಯೇ ಕುಸಿಯುತ್ತದೆ, ಇವರ ಪ್ರಶ್ನೆಯಲ್ಲಿ ಧಾರಣೆ ನಿಂತಿದೆ.

ನಗರತ್‌ಪೇಟೆಯ ಅಕ್ಕಸಾಲಿಗ: ಶುದ್ಧತೆಗೆ ಹೆಚ್ಚಿನ ಬೆಲೆ ಎಂಬುದೂ ಅರ್ಧ ಸತ್ಯ. 24 ಕ್ಯಾರೆಟ್ ಧಾರಣೆ ಎಂದರೇ ಆ ಶುದ್ಧತೆಯ ಧಾರಣೆ, ಅದರ ಮೇಲೆ ಇನ್ನೇನಿದೆ? ನೋಡಬೇಕಾದದ್ದು ಬೇರೆ. ಕೆಲವರು ನಾಣ್ಯವನ್ನೂ 22 ಕ್ಯಾರೆಟ್ ಬೋರ್ಡಿಗೆ ಹಾಕಿ ಲೆಕ್ಕ ಹೇಳುತ್ತಾರೆ, ಆಗ ಗ್ರಾಂಗೆ ನೂರಾರು ರೂಪಾಯಿ ಜಾರಿಹೋಗುತ್ತದೆ. "ಯಾವ ಧಾರಣೆಗೆ ಹಾಕಿದಿರಿ, ಎಷ್ಟು ಹಿಡಿದಿರಿ" ಎಂದು ಎರಡನ್ನೂ ಬೇರೆ ಬೇರೆ ಕೇಳಿ. ಶೇ 2ರಿಂದ 3 ಹಿಡಿಯುವವರನ್ನು ಬೈಯಬೇಡಿ; ಕೊಂಡದ್ದನ್ನು ಕರಗಿಸಿ ಗಟ್ಟಿ ಮಾಡಿ ಮಾರುವಷ್ಟರಲ್ಲಿ ಧಾರಣೆ ಇಳಿದರೆ ಅದು ಅವರ ತಲೆಯ ಮೇಲೆ. ಮೊಹರು ಒಡೆಯದ ಕವರ್ ಮತ್ತು ಬ್ಯಾಂಕಿನ ರಸೀದಿ ಇದ್ದರೆ ಚೌಕಾಸಿಗೆ ಬಲ. ಒಂದೆರಡು ಗ್ರಾಂ ನಾಣ್ಯಗಳಲ್ಲಿ ನಷ್ಟ ಇನ್ನೂ ದೊಡ್ಡದು, ಪುಟ್ಟ ನಾಣ್ಯಕ್ಕೂ ಕವರ್ ಅಷ್ಟೇ, ಟಂಕಿಸುವ ಕೂಲಿ ಅಷ್ಟೇ.

ಮೈಸೂರಿನ ಗೃಹಿಣಿ: ಹಾಗಾದರೆ ಬಳೆಗೆ ಬದಲಾಯಿಸಿಕೊಳ್ಳಲಿ. ನಮ್ಮ ಅಂಗಡಿಯವರು ಪೂರ್ತಿ ಧಾರಣೆ ಹಾಕುತ್ತಾರೆ.

ನಗರತ್‌ಪೇಟೆಯ ಅಕ್ಕಸಾಲಿಗ: ಹಾಕುತ್ತಾರೆ, ಬಳೆಯ ಕೂಲಿ ಮತ್ತು ವೇಸ್ಟೇಜಿನಲ್ಲಿ ಹಿಂದಕ್ಕೆ ಪಡೆಯುತ್ತಾರೆ. ಹೇಗಿದ್ದರೂ ಬಳೆ ಬೇಕಿದ್ದವರಿಗೆ ಸರಿ. ಶುಲ್ಕವನ್ನು ಬಳೆಯಿಂದ ಕಟ್ಟಲಾಗದಲ್ಲ.

ನಿವೃತ್ತ ಬ್ಯಾಂಕ್ ಅಧಿಕಾರಿ: ಕೆಲವು ತಿಂಗಳಲ್ಲಿ ಹಣ ಹೊಂದುತ್ತದೆ ಎಂದಾದರೆ ಮಾರುವ ಬದಲು ಅಡವಿಡಿ. ಬ್ಯಾಂಕ್ ಮಾರಿದ ನಾಣ್ಯಗಳ ಮೇಲೆ ಒಬ್ಬ ಗ್ರಾಹಕರಿಗೆ 50 ಗ್ರಾಂವರೆಗೆ ಸಾಲ ಕೊಡಲು ನಿಯಮ ಒಪ್ಪುತ್ತದೆ, ಶಾಖೆಯವರು ಒಪ್ಪುವುದು ಬೇರೆ ವಿಷಯ. 40,000 ಸಾಲಕ್ಕೆ ಆರು ತಿಂಗಳಲ್ಲಿ ಶೇ 10ರ ಬಡ್ಡಿ 2,000. ನಿಮ್ಮ ಎಂಟು ಸಾವಿರದ ಪಕ್ಕ ಇಟ್ಟು ನೋಡಿ.

ಹುಬ್ಬಳ್ಳಿಯ ವ್ಯಾಪಾರಿ: ಆರು ತಿಂಗಳಲ್ಲಿ ಬಿಡಿಸಲು ಆಗದಿದ್ದರೆ?

ಕೇಳಿದವರು: ಅದೇ ನನ್ನ ಅಳುಕು. ಇಂದು ಎರಡು ಅಂಗಡಿಗಳಲ್ಲಿ ಬೇರೆ ಬೇರೆ ಕೇಳಿದೆ. ಮೊದಲನೆಯವರು 22ರ ಬೋರ್ಡಿಗೆ ಹಾಕಿದ್ದರು. ಎರಡನೆಯವರು 24ರಲ್ಲಿ ಶೇ 2.5 ಹಿಡಿದರು. ಶಾಖೆಯಲ್ಲಿ ಸಾಲದ ವಿಷಯ ಸೋಮವಾರ ಕೇಳುತ್ತೇನೆ. ಕವರ್ ಮಾತ್ರ ಉಳಿದಿಲ್ಲ. ಕೊಂಡ ಸಂಜೆಯೇ ಮಗಳು ಕೈಯಲ್ಲಿ ಹಿಡಿದು ನೋಡಬೇಕೆಂದಳು, ಕತ್ತರಿ ಹಾಕಿದೆ.