ಪದಚರ್ಚೆ: ಬೆಕ್ಕಿನ ಸ್ಟೊಮಟೈಟಿಸ್‌ಗೆ ‘ಬಾಯಿಹುಣ್ಣು’ ಅಂದರೆ ಸಾಕಾ?

ಧಾರವಾಡದಿಂದ:
ಗೆಳೆಯರೇ, ಬೆಕ್ಕು ಸಾಕಿದವರಿಗಾಗಿ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸ್ಟೊಮಟೈಟಿಸ್’ ಹತ್ತಿರ ಸಿಕ್ಕಿಬಿದ್ದಿದ್ದೇನೆ. ನಮ್ಮ ಓಣಿಯಲ್ಲಿ ‘ಬಾಯಾಗ ಹುಣ್ಣಾಗ್ಯಾವ’ ಅಂತಾರೆ. ‘ಬಾಯಿಹುಣ್ಣು’ ಅಂತ ಬರೆಯಲೋ, ‘ಒಸಡಿನ ಉರಿಯೂತ’ ಅನ್ನಲೋ?

ಗದಗಿನಿಂದ:
ಇದಕ್ಕೆ ಪದ ಇದೆಯಲ್ರೀ, ‘ಕಾಲುಬಾಯಿ ಬೇನೆ’. ನಮ್ಮ ಎತ್ತಿಗೆ ಬಂದಾಗ ಜೊಲ್ಲು ಸುರಿಯುತ್ತಿತ್ತು, ಮೇವು ಮುಟ್ಟಲಿಲ್ಲ.

ಹುಬ್ಬಳ್ಳಿಯಿಂದ (ಪಶುವೈದ್ಯೆ):
ಅದು ಗೊರಸು ಸೀಳಿದ ಪ್ರಾಣಿಗಳ ರೋಗ, ಬೆಕ್ಕಿಗೆ ಬರುವುದಿಲ್ಲ. ‘ಒಸಡು’ ಅಂದರೂ ಅರ್ಧವೇ ಆಯಿತು. ಇಲ್ಲಿ ಉರಿಯೂತ ಒಸಡು ದಾಟಿ ಬಾಯಿಯ ಹಿಂಬದಿಗೆ, ಎರಡು ದವಡೆ ಕೂಡುವ ಮೂಲೆಗೆ ಹೋಗುತ್ತದೆ. ಹಲ್ಲಿನ ಮೇಲಿನ ಪಾಚಿಯ ವಿರುದ್ಧ ಬೆಕ್ಕಿನ ದೇಹವೇ ಅತಿಯಾಗಿ ಕೆರಳುವುದು ಒಂದು ಕಾರಣ. ಕ್ಯಾಲಿಸಿವೈರಸ್ ಕೂಡ ಇಂಥ ಬೆಕ್ಕುಗಳಲ್ಲಿ ಆಗಾಗ ಸಿಗುತ್ತದೆ.

ನನ್ನ ಹತ್ತಿರ ಬಂದ ಒಂದು ಹೆಣ್ಣು ಬೆಕ್ಕು ಹಸಿವಾಗಿ ತಟ್ಟೆಗೆ ಓಡಿ ಬರುತ್ತಿತ್ತು. ಒಂದು ತುತ್ತು ಬಾಯಿಗೆ ಹೋದ ಕೂಡಲೇ ಚೀರಿ ದೂರ ಓಡುತ್ತಿತ್ತು. ಆಕಳಿಸುವಾಗಲೂ ಅರ್ಧಕ್ಕೇ ನಿಲ್ಲಿಸುತ್ತಿತ್ತು. ಮೈ ನೆಕ್ಕುವುದು ಬಿಟ್ಟು ಕೂದಲು ಗಂಟುಗಟ್ಟಿತ್ತು. ಅರಿವಳಿಕೆ ಕೊಟ್ಟು ಬಾಯಿ ತೆರೆದರೆ ಹಿಂಬದಿಯೆಲ್ಲ ಹಸಿ ಗಾಯ, ಮುಟ್ಟಿದರೆ ರಕ್ತ.

ಹಾವೇರಿಯಿಂದ:
ಹಲ್ಲು ಕ್ಲೀನ್ ಮಾಡಿಸಿ ಒಂದು ಸ್ಟೀರಾಯ್ಡ್ ಸೂಜಿ ಹಾಕಿಸಿದರೆ ಮುಗೀತು. ನಮ್ಮದು ಮರುದಿನವೇ ಉಂಡಿತು.

ಹುಬ್ಬಳ್ಳಿಯಿಂದ:
ಉಂಡಿರುತ್ತದೆ, ಸುಳ್ಳಲ್ಲ. ಸೂಜಿಯ ಪ್ರಭಾವ ಇಳಿದ ಮೇಲೆ ನೋವು ಮರಳುತ್ತದೆ. ಮತ್ತೆ ಮತ್ತೆ ಹಾಕಿಸಿದರೆ ಸಕ್ಕರೆ ಕಾಯಿಲೆಯ ಭಯ. ಕ್ಲೀನ್ ಮಾಡಿಸಿದ ಹಲ್ಲಿನ ಮೇಲೆ ಪಾಚಿಯೂ ಬೇಗ ಕಟ್ಟುತ್ತದೆ.

ಅದಕ್ಕೇ ಆ ಬೆಕ್ಕಿನ ಹಿಂದಿನ ಹಲ್ಲುಗಳನ್ನೆಲ್ಲ ಕಿತ್ತೆವು. ಮೊದಲೂ ಆಮೇಲೂ ಎಕ್ಸ್-ರೇ ತೆಗೆದೆವು. ಬೇರಿನ ಚೂರು ಒಳಗೆ ಉಳಿದರೆ ಉರಿಯೂತ ಆರುವುದಿಲ್ಲ. ಕಿತ್ತ ಕೂಡಲೇ ಗುಣ ಕಾಣಲಿಲ್ಲ, ವಾರಗಟ್ಟಲೆ ಕಾಯಬೇಕಾಯಿತು, ಅಷ್ಟು ದಿನವೂ ನೋವಿನ ಔಷಧಿ ನಡೆದಿತ್ತು. ಹೀಗೆ ಕಿತ್ತಾಗ ಹತ್ತರಲ್ಲಿ ಸುಮಾರು ಏಳೆಂಟು ಬೆಕ್ಕು ಪೂರ್ತಿ ಅಥವಾ ಬಹುಮಟ್ಟಿಗೆ ಸುಧಾರಿಸುತ್ತವೆ. ಉಳಿದವಕ್ಕೆ ಸೈಕ್ಲೋಸ್ಪೊರಿನ್‌ನಂಥ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಬೇಕಾಗಬಹುದು. ಇನ್ನೊಂದು, ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ, ಬೆಕ್ಕಿಗೆ ಅದು ವಿಷ.

ಗದಗಿನಿಂದ:
ಹಲ್ಲೇ ಇಲ್ಲದೆ ಇಲಿ ಹ್ಯಾಂಗ ಹಿಡೀತದ್ರೀ?

ಹುಬ್ಬಳ್ಳಿಯಿಂದ:
ಅದರ ಮುಂದಿನ ಕೋರೆಹಲ್ಲು ಉಳಿಸಿದ್ದೇವೆ! ಎಲ್ಲ ಹಲ್ಲು ಹೋದ ಬೆಕ್ಕುಗಳೂ ಮೆತ್ತನೆಯ ಊಟ ಚೆನ್ನಾಗಿಯೇ ತಿನ್ನುತ್ತವೆ.

ಧಾರವಾಡದಿಂದ:
ಸರಿ, ‘ಬಾಯಿಹುಣ್ಣು’ ಬಿಟ್ಟೆ. ಹಾಗೆ ಬರೆದರೆ ಜನ ತಾನಾಗಿಯೇ ವಾಸಿಯಾಗುತ್ತದೆ ಅಂತ ಸುಮ್ನೆ ಕೂರುತ್ತಾರೆ. ‘ಬಾಯಿಯ ಹಳೆ ಉರಿಯೂತ’ ಅಂತ ಹಾಕಿ, ಪಕ್ಕದಲ್ಲೇ ಸ್ಟೊಮಟೈಟಿಸ್ ಉಳಿಸುತ್ತೇನೆ. ‘ಹಳೆ’ ಸ್ವಲ್ಪ ಎಡವುತ್ತಿದೆ, ಅಲ್ವಾ? ದವಡೆ ಕೂಡುವ ಆ ಮೂಲೆಗೆ ನಿಮ್ಮ ಕಡೆ ಯಾವ ಹೆಸರಿದೆ, ಯಾರಾದರೂ ತಿಳಿಸಿ.