ಅಂಗಡಿ ಮುಚ್ಚಿ ಕೆಲಸಕ್ಕೆ: ರೆಸ್ಯೂಮೆಯ ಮೊದಲ ಸಾಲುಗಳು

ಕೇಳಿದವರು: ರಾಜಾಜಿನಗರದಲ್ಲಿ 9 ವರ್ಷ ಸ್ಟೇಷನರಿ ಅಂಗಡಿ ನಡೆಸಿದೆ, ಆಫೀಸುಗಳಿಗೂ ಸಪ್ಲೈ ಇತ್ತು. ಈಗ ಮುಚ್ಚಿದ್ದೇನೆ. ಪರ್ಚೇಸ್ ಕೆಲಸ ಹುಡುಕುತ್ತಿದ್ದೇನೆ. ರೆಸ್ಯೂಮೆಯ ಸಮ್ಮರಿಯಲ್ಲಿ ‘ಸ್ವಂತ ಉದ್ಯಮವನ್ನು ಯಶಸ್ವಿಯಾಗಿ ನಡೆಸಿದ ಮಾಲೀಕ’ ಎಂದು ಬರೆದಿದ್ದೇನೆ. ಒಬ್ಬರೂ ಕರೆಯುತ್ತಿಲ್ಲ. ಏನು ಬರೆಯಲಿ?

ಪೀಣ್ಯದವರು: ಸರ್, ನಾನು ಕಾರ್ಖಾನೆಯೊಂದರಲ್ಲಿ ಪರ್ಚೇಸ್ ನೋಡಿಕೊಳ್ಳುತ್ತೇನೆ. ‘ಮಾಲೀಕ’ ಎಂದು ಕಂಡರೆ ನಮಗೆ ಎರಡು ಅನುಮಾನ ಬರುತ್ತದೆ. ಇವರು ಇನ್ನೊಬ್ಬರ ಮಾತು ಕೇಳುತ್ತಾರಾ? ಆರು ತಿಂಗಳಿಗೆ ಮತ್ತೆ ಅಂಗಡಿ ಹಾಕುತ್ತಾರಾ? ಮಾಲೀಕ ಅಂದರೆ ಹತ್ತು ಕೆಲಸ, ಅಲ್ವಾ? ಅದರಲ್ಲಿ ಖರೀದಿಯನ್ನು ಮಾತ್ರ ಎತ್ತಿ ಮೇಲೆ ಇಡಿ. ಎಷ್ಟು ಸಪ್ಲೈಯರ್, ತಿಂಗಳಿಗೆ ಎಷ್ಟು ಖರೀದಿ, ಎಷ್ಟು ದಿನದ ಸಾಲ?

ಕೇಳಿದವರು: ಸುಮಾರು 35 ಸಪ್ಲೈಯರ್‌ಗಳು, ಜಾಸ್ತಿ ಅವೆನ್ಯೂ ರೋಡ್ ಕಡೆಯವರು. ತಿಂಗಳಿಗೆ 6 ಲಕ್ಷದಷ್ಟು ಮಾಲು. 30 ದಿನದ ಸಾಲವನ್ನು ಮಾತಾಡಿ 45 ಮಾಡಿಸಿದ್ದೆ. ಜಿಎಸ್‌ಟಿ ಪೋರ್ಟಲ್‌ನ GSTR-2B ಪಟ್ಟಿಯನ್ನು ನಮ್ಮ ಖರೀದಿ ಬಿಲ್‌ಗಳ ಜೊತೆ ತಾಳೆ ಹಾಕುವುದನ್ನೂ ನಾನೇ ಮಾಡುತ್ತಿದ್ದೆ. ಅದನ್ನೆಲ್ಲ ಬರೀತಾರಾ?

ಪೀಣ್ಯದವರು: ಅದನ್ನೇ ಬರೆಯಬೇಕು! ಸಪ್ಲೈಯರ್ ತನ್ನ ಬಿಲ್ ಅಪ್‌ಲೋಡ್ ಮಾಡದಿದ್ದರೆ ಅದು 2Bಯಲ್ಲಿ ಬರಲ್ಲ, ನಮ್ಮ ಇನ್‌ಪುಟ್ ಕ್ರೆಡಿಟ್ ನಿಂತುಹೋಗುತ್ತದೆ. ಫೋನ್ ಮಾಡಿ ಬೆನ್ನು ಹತ್ತುವವರು ನಮಗೆ ಬೇಕು. ಹೀಗೆ ಬರೆದು ನೋಡಿ:

‘ಸ್ಟೇಷನರಿ ಮತ್ತು ಆಫೀಸ್ ಸಾಮಗ್ರಿ ಖರೀದಿಯಲ್ಲಿ 9 ವರ್ಷದ ಅನುಭವ. 35 ಸಪ್ಲೈಯರ್‌ಗಳಿಂದ ತಿಂಗಳಿಗೆ 6 ಲಕ್ಷ ರೂಪಾಯಿಯ ಖರೀದಿ. ಸಾಲದ ಅವಧಿಯನ್ನು 30ರಿಂದ 45 ದಿನಕ್ಕೆ ಏರಿಸಿದ್ದೇನೆ. ಪ್ರತಿ ತಿಂಗಳು GSTR-2B ತಾಳೆ. ಪರ್ಚೇಸ್ ತಂಡದಲ್ಲಿ ಕೆಲಸ ಹುಡುಕುತ್ತಿದ್ದೇನೆ.’

ಕೊನೆಯ ಸಾಲು ಬಿಡಬೇಡಿ. ಮೊದಲ ಅನುಮಾನಕ್ಕೆ ಅದೇ ಉತ್ತರ.

ವಿಜಯನಗರದವರು: ಇಷ್ಟೆಲ್ಲ ಯಾಕೆ? ಅಂಗಡಿ ಹೆಸರು ಹಾಕಿ ‘ಪರ್ಚೇಸ್ ಮ್ಯಾನೇಜರ್’ ಅನ್ನಿ. ಮಾಲೀಕ ಅನ್ನೋದೇ ಬೇಡ.

ಎಚ್‌ಆರ್ ಕೆಲಸದವರು: ಸಮ್ಮರಿಯಲ್ಲಿ ಬೇಡ, ಅದು ಸರಿ. ಕೆಳಗೆ ಅನುಭವದ ಭಾಗದಲ್ಲಿ ‘ಪ್ರೊಪ್ರೈಟರ್’ ಇರಲೇಬೇಕು. ಹಿನ್ನೆಲೆ ಪರಿಶೀಲನೆಯಲ್ಲಿ ರಿಲೀವಿಂಗ್ ಲೆಟರ್ ಕೇಳುತ್ತಾರೆ. ನಿಮಗೆ ಯಾರು ಕೊಡ್ತಾರೆ? ನೀವು ತೋರಿಸಬಹುದಾದ್ದು ಜಿಎಸ್‌ಟಿ ಸರ್ಟಿಫಿಕೇಟ್, ಐಟಿ ರಿಟರ್ನ್. ಎರಡರಲ್ಲೂ ನಿಮ್ಮದೇ ಹೆಸರು. ಮೇಲೆ ಮ್ಯಾನೇಜರ್, ದಾಖಲೆಯಲ್ಲಿ ಮಾಲೀಕ ಅಂದರೆ ಆಫರ್ ಹೋಗುತ್ತದೆ. ಇನ್ನೊಂದು, ಜಿಎಸ್‌ಟಿ ನೋಂದಣಿ ರದ್ದಾಗಿದೆಯಾ? ಇನ್ನೂ ಚಾಲ್ತಿಯಲ್ಲಿದ್ದರೆ, ಅಂಗಡಿ ಮುಚ್ಚಿದೆ ಅಂದರೂ ನಂಬೋದು ಕಷ್ಟ.

ಬಸವೇಶ್ವರನಗರದವರು: ನಾನು ಉಲ್ಟಾ ಮಾರಾಯ್ರೇ. ಕೆಲಸ ಬಿಟ್ಟು ದರ್ಶಿನಿ ಹಾಕೋಣ ಅಂತಿದ್ದೆ. ಇದನ್ನು ಓದಿ ಮನೆಯವರಿಗೆ ತೋರಿಸಿದೆ, ತಪ್ಪು ಮಾಡಿದೆ.

ಕೇಳಿದವರು: ರದ್ದತಿಗೆ ಅರ್ಜಿ ಹಾಕಿದ್ದೇನೆ, ಆದೇಶ ಬಂದಿಲ್ಲ. ಯಾಕೆ ಮುಚ್ಚಿದೆ ಅನ್ನೋದನ್ನೂ ಸಮ್ಮರಿಯಲ್ಲೇ ಹೇಳಲಾ?

ಪೀಣ್ಯದವರು: ಬೇಡ. ಇಂಟರ್‌ವ್ಯೂನಲ್ಲಿ ಕೇಳಿದರೆ ಹೇಳಿ.

ಎಚ್‌ಆರ್ ಕೆಲಸದವರು: ನಾನಾದರೆ ಒಂದು ಸಾಲು ಹಾಕುತ್ತೇನೆ. ಬರೆಯದಿದ್ದರೆ ಓದುವವರು ತಾವೇ ಏನೋ ಕಲ್ಪಿಸಿಕೊಳ್ಳುತ್ತಾರೆ.

ಕೇಳಿದವರು: ಸರಿ, ಐದು ಕಡೆ ಆ ಸಾಲು ಹಾಕಿ, ಐದು ಕಡೆ ಹಾಕದೆ ಕಳಿಸುತ್ತೇನೆ.