ಎಚ್‌ಎಎಲ್ ಹುಟ್ಟಿದ್ದು 1940ರಲ್ಲೋ 1963ರಲ್ಲೋ? ನಮ್ಮ ಎಣ್ಣೆ ಕಂಪನಿಗೆ ಯಾವ ದಿನ ಬರೆಯೋದು?

ಪ್ರಶ್ನೆ, ಗುಬ್ಬಿಯಿಂದ: ನಾನೂ ನಮ್ಮ ಭಾವನೂ ಸೇರಿ ಗಾಣದ ಕೊಬ್ಬರಿ ಎಣ್ಣೆಗೆ ಪ್ರೈವೇಟ್ ಲಿಮಿಟೆಡ್ ಮಾಡಿದ್ದೀವಿ. ಸರ್ಟಿಫಿಕೇಟ್‌ನಲ್ಲಿ 2023ರ ಜೂನ್ 14 ಅಂತಿದೆ. ಮೊದಲ ಬಾಟಲಿ ಮಾರಿದ್ದು ಆ ವರ್ಷದ ದೀಪಾವಳಿಗೆ. ಸಾಲದ ಅರ್ಜಿಯಲ್ಲಿ ಸ್ಥಾಪನೆಯ ದಿನ, ವ್ಯವಹಾರ ಆರಂಭದ ದಿನ ಎರಡೂ ಕೇಳಿದ್ದಾರೆ. ಇಲ್ಲೇ ಇರೋ ಎಚ್‌ಎಎಲ್‌ಗೂ ಒಬ್ಬರು 1940 ಅಂತಾರೆ, ಇನ್ನೊಬ್ಬರು 1963, ಮತ್ತೊಬ್ಬರು 2018. ಒಂದೇ ಕಂಪನಿಗೆ ಇಷ್ಟು ದಿನಾಂಕ ಯಾಕೆ ಮೇಡಂ?

ತಿಪಟೂರಿನ ಕೊಬ್ಬರಿ ವ್ಯಾಪಾರಿ: ಇದಕ್ಕೆಲ್ಲ ಯಾಕಮ್ಮ ತಲೆ ಕೆಡಿಸ್ಕೊಳ್ತೀಯ? ಜಿಎಸ್‌ಟಿ ಸರ್ಟಿಫಿಕೇಟ್ ಮೇಲೆ ಇರೋ ದಿನಾನೇ ಆರಂಭದ ದಿನ. ನಮ್ಮ ಪಾಲುದಾರಿಕೆ ಅಂಗಡಿಗೆ ನಾನು ಅದನ್ನೇ ಬರೆದೆ, ಯಾರೂ ಕೇಳಲಿಲ್ಲ.

ತುಮಕೂರಿನ ಕಂಪನಿ ಸೆಕ್ರೆಟರಿ: ಅಣ್ಣ, ಪಾಲುದಾರಿಕೆಗೆ ನೀವು ಹೇಳಿದ್ದು ನಡೆಯುತ್ತೆ. ಕಂಪನಿಗೆ ನಡೆಯಲ್ಲ. ಜಿಎಸ್‌ಟಿ ಅರ್ಜಿಯಲ್ಲೂ ಆರಂಭದ ದಿನ ಕೇಳ್ತಾರೆ ನಿಜ, ಅದು ತೆರಿಗೆ ಲೆಕ್ಕಕ್ಕೆ. ಕಂಪನಿ ಕಾನೂನಿನ ಲೆಕ್ಕ ಬೇರೆ.

ಜೂನ್ 14ಕ್ಕೆ ನಿಮ್ಮ ಕಂಪನಿ ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿ ಆಯಿತು, ಅಷ್ಟೇ. 2018ರ ನವೆಂಬರ್ ನಂತರ ನೋಂದಣಿಯಾದ, ಷೇರು ಬಂಡವಾಳ ಇರೋ ಕಂಪನಿ ವ್ಯವಹಾರ ಶುರು ಮಾಡೋಕೆ, ಸಾಲ ಎತ್ತೋಕೆ ಮುಂಚೆ ಇನ್ನೊಂದು ಮೆಟ್ಟಿಲು ಹತ್ತಬೇಕು. ಷೇರು ತಗೊಳ್ತೀವಿ ಅಂತ ಸಹಿ ಹಾಕಿದವರೆಲ್ಲ ದುಡ್ಡು ಕಟ್ಟಿದ್ದಾರೆ ಅಂತ ನಿರ್ದೇಶಕರು INC-20A ಫಾರಂನಲ್ಲಿ ಘೋಷಿಸಬೇಕು. ಗಡುವು 180 ದಿನ, ಅಂದರೆ ನಿಮಗೆ ಡಿಸೆಂಬರ್ 11ರ ತನಕ ಇತ್ತು. ಮೊದಲು ಅದು ಸಲ್ಲಿಕೆಯಾಗಿದೆಯಾ ನೋಡಿ.

ಎಡವೋದು ದುಡ್ಡಿನ ಹತ್ತಿರ. ಬಂಡವಾಳ 1 ಲಕ್ಷ, ಇಬ್ಬರಿಗೂ 50,000 ಅಂತಿಟ್ಟುಕೊಳ್ಳಿ. ನೀವು ಕಂಪನಿ ಖಾತೆಗೆ ಹಾಕಿದ್ದೀರಿ. ಭಾವ ತಮ್ಮ ಪಾಲಿನ ದುಡ್ಡನ್ನು ನೇರವಾಗಿ ಗಾಣದವನ ಕೈಗೇ ಕೊಟ್ಟಿದ್ದಾರೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕಾಣೋದು ಒಂದೇ 50,000. ಆ ಫಾರಂಗೆ ದೃಢೀಕರಣ ಹಾಕಿ ಅಂದರೆ ನಾನು ಹಾಕಲ್ಲ.

ಪ್ರಶ್ನೆ ಕೇಳಿದವರು: ಅಯ್ಯೋ, ಭಾವ ಹಾಗೇ ಮಾಡಿದ್ದರು! ಆಡಿಟರ್ ಹೇಳಿದ ಮೇಲೆ ಅಕ್ಟೋಬರ್‌ನಲ್ಲಿ ಖಾತೆಗೆ ಹಾಕಿಸಿದೆವು. ಫಾರಂ ಹೋಗಿದ್ದು ಅಕ್ಟೋಬರ್ 20ಕ್ಕೆ.

ಕಂಪನಿ ಸೆಕ್ರೆಟರಿ: ಬಚಾವಾದಿರಿ. ಮಾರಾಟಕ್ಕೆ ಮುಂಚೆಯೇ ಹೋಗಿದೆ, ಗಡುವಿನೊಳಗೂ ಇದೆ. ತಪ್ಪಿದ್ದರೆ ಕಂಪನಿಗೆ 50,000 ದಂಡ, ನಿರ್ದೇಶಕರಿಗೆ ದಿನಕ್ಕೆ 1,000ದಂತೆ 1 ಲಕ್ಷದವರೆಗೆ. ವ್ಯವಹಾರವೇ ನಡೀತಿಲ್ಲ ಅನ್ನಿಸಿದರೆ ರಿಜಿಸ್ಟ್ರಾರ್ ಹೆಸರನ್ನೇ ಪಟ್ಟಿಯಿಂದ ತೆಗೆಯಲೂಬಹುದು. ಸಾಲದ ಅರ್ಜಿಗೆ ಆ ಫಾರಂನ ರಸೀದಿಯನ್ನೂ ಲಗತ್ತಿಸಿ. ಸಾಲ ಎತ್ತೋ ಅಧಿಕಾರ ನಿಮಗಿದೆ ಅನ್ನೋದಕ್ಕೆ ಮ್ಯಾನೇಜರ್ ನೋಡೋದು ಅದನ್ನೇ.

ಕೋಲಾರದ ನಿವೃತ್ತ ಕಾಮರ್ಸ್ ಮೇಷ್ಟ್ರು: ಹಾಗಾದರೆ ಎಚ್‌ಎಎಲ್‌ಗೆ 1940 ಅನ್ನೋದೇ ಸರಿ ತಾನೇ? ವಾಲ್‌ಚಂದ್ ಹೀರಾಚಂದ್ ಶುರು ಮಾಡಿದ್ದು ಆಗಲೇ. ನಾವು ಪಾಠ ಮಾಡಿದ್ದೂ ಹಾಗೇ.

ಕಂಪನಿ ಸೆಕ್ರೆಟರಿ: ಅರ್ಧ ಸರಿ ಸಾರ್. 1940ರ ಡಿಸೆಂಬರ್ 23ಕ್ಕೆ ಹುಟ್ಟಿದ್ದು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಮರುವರ್ಷವೇ ಅದು ಹಾರ್ಲೋ ತರಬೇತಿ ವಿಮಾನ ಹಾರಿಸಿತ್ತು. 1963ರ ಆಗಸ್ಟ್‌ನಲ್ಲಿ ಮಿಗ್-21 ತಯಾರಿಸೋಕೆ ಏರೋನಾಟಿಕ್ಸ್ ಇಂಡಿಯಾ ಅಂತ ಬೇರೆಯೇ ಕಂಪನಿ ನೋಂದಣಿಯಾಯಿತು. 1964ರ ಅಕ್ಟೋಬರ್ 1ಕ್ಕೆ ಎರಡೂ ಸೇರಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಕಾನೂನಿನ ಪ್ರಕಾರ ಉಳಿದದ್ದು 1963ರ ಕಂಪನಿ. ಹಾಗಾಗಿ ಮೊದಲ ವಿಮಾನ ಇವತ್ತಿನ ಕಂಪನಿಯ ನೋಂದಣಿಗಿಂತ 22 ವರ್ಷ ಹಳೇದು!

ಅದರ ಗುರುತಿನ ಸಂಖ್ಯೆ ನೋಡಿ: L35301KA1963GOI001622. ನಡುವೆ ಇರೋ 1963 ನೋಂದಣಿಯ ವರ್ಷ. ಮುಂದಿನ L ಅಂದರೆ ಷೇರುಪೇಟೆಯಲ್ಲಿರೋ ಕಂಪನಿ. 2018ರ ಮಾರ್ಚ್ 28ಕ್ಕೆ ಷೇರು ಪೇಟೆಗೆ ಬರೋ ಮುಂಚೆ ಆ ಜಾಗದಲ್ಲಿ U ಇತ್ತು. ಸರ್ಕಾರ ತನ್ನ ಷೇರಿನಲ್ಲಿ ಒಂದು ಪಾಲು ಮಾರಿತು, ಅಷ್ಟೇ; ಕಾರ್ಖಾನೆ ಒಳಗೆ ಆ ದಿನ ಏನೂ ಹೊಸದಾಗಿ ಶುರುವಾಗಲಿಲ್ಲ. ಗುಬ್ಬಿಯ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತಲ್ಲ, ಅದು ಘಟಕದ ದಿನ, ಕಂಪನಿಯದಲ್ಲ.

ಪ್ರಶ್ನೆ ಕೇಳಿದವರು: ನಮ್ಮ ಎರಡನೇ ಕಾಲಂಗೆ ಅಕ್ಟೋಬರ್ 20 ಬರೀಲಾ, ದೀಪಾವಳಿ ಬರೀಲಾ?

ಕಂಪನಿ ಸೆಕ್ರೆಟರಿ: ಬ್ಯಾಂಕ್‌ನವರನ್ನೇ ಕೇಳಿ. ಅವರಿಗೆ ಫಾರಂ ಸಲ್ಲಿಸಿದ ದಿನ ಬೇಕೋ, ಮೊದಲ ಬಿಲ್ ಬೇಕೋ ಅನ್ನೋದು ಶಾಖೆಯಿಂದ ಶಾಖೆಗೆ ಬದಲಾಗುತ್ತೆ. ಬರೆದ ದಿನಕ್ಕೆ ಪಕ್ಕದಲ್ಲೇ ದಾಖಲೆಯ ಹೆಸರು ಹಾಕಿ.

ತಿಪಟೂರಿನ ವ್ಯಾಪಾರಿ: ದಸರಾ ಹೊತ್ತಿಗೇ ಗಾಣ ಕೂರಿಸಿ ಎಣ್ಣೆ ತೆಗೆದು ನೋಡಿದ್ದರೆ? ಅದು ಆರಂಭ ಅಲ್ವಾ?

ಕಂಪನಿ ಸೆಕ್ರೆಟರಿ: ಅಣ್ಣ, ಈ ಪ್ರಶ್ನೆ ಒಳ್ಳೇದು. ಆದಾಯ ತೆರಿಗೆಯಲ್ಲಿ ವ್ಯವಹಾರಕ್ಕೆ ಸಜ್ಜಾದ ದಿನವೂ ನಿಜವಾಗಿ ಶುರುವಾದ ದಿನವೂ ಬೇರೆ ಬೇರೆ. ಸಜ್ಜಾದ ಮೇಲಿನ ಖರ್ಚು ಲೆಕ್ಕಕ್ಕೆ ಬರುತ್ತೆ. ಪರೀಕ್ಷೆಗೆ ತೆಗೆದ ಎಣ್ಣೆಯಿಂದ ಸಜ್ಜಾಯಿತು ಅನ್ನಬಹುದಾ ಅನ್ನೋದು ಗಾಣದ ಬಿಲ್, ಕರೆಂಟ್ ಬಿಲ್, ಕೊಬ್ಬರಿ ಕೊಂಡ ಚೀಟಿ ನೋಡದೆ ಹೇಳೋಕಾಗಲ್ಲ. ಅಮ್ಮ, ಅವನ್ನು ನಿಮ್ಮ ಆಡಿಟರ್‌ಗೆ ತೋರಿಸಿ.